ಕೆರೆಯ ನೀರು ಮತ್ತು ಕೀಟನಾಶಕ: ವರದಿಯಲ್ಲಿನ ‘ಎಲ್‌ಸಿ-50’ ಎಂಬ ಸಂಖ್ಯೆ ದೊರೆಯುವ ಬಗೆ

ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಭತ್ತದ ಕಾಂಡ ಕೊರಕ ಮತ್ತು ಎಲೆ ಮಡಚುವ ಹುಳುವಿನ ಹತೋಟಿಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಕೀಟನಾಶಕದ ಬಾಟಲಿಯ ಮೇಲೆ ಹಸಿರು ತ್ರಿಕೋನವಿರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಲ್ಲಿ ಹಸಿರು ಅತ್ಯಂತ ಕಡಿಮೆ ವಿಷದ ಗುರುತೆಂಬುದು ರೈತರಿಗೆಲ್ಲ ತಿಳಿದ ಸಂಗತಿ. ಆದ್ದರಿಂದ ಈ ಬಾಟಲಿಯನ್ನು ಕೆರೆಯ ತೂಬಿನ ಬಳಿಯಲ್ಲೋ ಕಾಲುವೆಯ ಅಂಚಿನಲ್ಲೋ ತೊಳೆದರೆ ಹಾನಿಯಿಲ್ಲವೆಂದು ಭಾವಿಸುವುದು ಸಹಜ. ಆದರೆ ಆ ಬಣ್ಣವು ಕೆರೆಯ ಜೀವಿಗಳ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಕೀಟನಾಶಕ ಕಾಯಿದೆ, 1968ರ ಅಡಿಯಲ್ಲಿ ರೂಪಿಸಲಾದ ನಿಯಮಗಳಂತೆ ತ್ರಿಕೋನದ ಬಣ್ಣವನ್ನು ನಿರ್ಧರಿಸುವುದು ಇಲಿ ಮೊದಲಾದ ಸಸ್ತನಿಗಳ ಮೇಲಿನ ಪರೀಕ್ಷೆ. ಪರೀಕ್ಷಾ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ 5000 ಮಿಲಿಗ್ರಾಂಗಿಂತ ಹೆಚ್ಚು ವಿಷವನ್ನು ತಿನ್ನಿಸಬೇಕಾದರೆ ಹಸಿರು ಬಣ್ಣ ದೊರೆಯುತ್ತದೆ. ಅಂದರೆ ಅದು ಮುಖ್ಯವಾಗಿ ಸಿಂಪಡಿಸುವ ಮನುಷ್ಯನ ಮತ್ತು ಮನೆಯ ಜಾನುವಾರುಗಳ ಅಪಾಯವನ್ನು ಸೂಚಿಸುವ ಗುರುತು.

ನೀರಿನಲ್ಲಿ ಬಾಳುವ ಬೆನ್ನೆಲುಬಿಲ್ಲದ ಸಣ್ಣ ಜೀವಿಗಳಿಗೆ ಅದೇ ಕೀಟನಾಶಕ ಎಷ್ಟು ಮಾರಕ ಎಂಬುದಕ್ಕೆ ಬೇರೊಂದು ಪರೀಕ್ಷೆಯಿದೆ. ಬೇರೊಂದು ಸಂಖ್ಯೆಯೂ ಇದೆ. ವಿಷಶಾಸ್ತ್ರದ ವರದಿಗಳಲ್ಲಿ ಅದು ‘ಎಲ್‌ಸಿ-50’ ಎಂದು, ಅಂದರೆ ಅರ್ಧಮಾರಕ ಸಾಂದ್ರತೆ ಎಂದು ನಮೂದಾಗಿರುತ್ತದೆ. ಕೆಲವೆಡೆ ‘ಇಸಿ-50’ ಎಂದಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಮುಂದೆ ವಿವರಿಸಿದೆ. ಮೇಲೆ ಹೇಳಿದ ಹಸಿರು ತ್ರಿಕೋನದ ಕೀಟನಾಶಕಕ್ಕೆ ಡ್ಯಾಫ್ನಿಯಾ ಎಂಬ ಸೂಕ್ಷ್ಮ ಜಲಜೀವಿಯ ಮೇಲೆ 48 ಗಂಟೆಗಳ ಪರೀಕ್ಷೆಯಲ್ಲಿ ದೊರೆತ ಸಂಖ್ಯೆ ಲೀಟರಿಗೆ ಸುಮಾರು 11.6 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಇಲಿಗೆ ಅತ್ಯಲ್ಪ ವಿಷವೆನಿಸಿದ ವಸ್ತುವೇ ಈ ಜೀವಿಗೆ ಅತಿ ತೀವ್ರ ವಿಷ. ಇಂಥ ಸಂಖ್ಯೆ ಹೇಗೆ ದೊರೆಯುತ್ತದೆ, ಯಾವಾಗ ಅದನ್ನು ನಂಬಬಹುದು, ಅದು ಏನನ್ನು ಹೇಳುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪರೀಕ್ಷೆಗೆ ಬಳಸುವ ಜೀವಿ

ಡ್ಯಾಫ್ನಿಯಾ ಸೀಗಡಿಯ ದೂರದ ಬಂಧು. ಕೆಲವು ಮಿಲಿಮೀಟರ್ ಉದ್ದದ ಈ ಜೀವಿ ನೀರಿನಲ್ಲಿ ಕುಪ್ಪಳಿಸಿದಂತೆ ಚಲಿಸುವುದರಿಂದ ಇದನ್ನು ನೀರುಚಿಗಟ ಎಂದೂ ಕರೆಯುವರು. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದಾಗ ಇಂಥ ಜಾತಿಯ ಜೀವಿಗಳು ಅಲುಗುವ ಚುಕ್ಕೆಗಳಂತೆ ಕಾಣುವುದುಂಟು. ಇವು ನೀರಿನಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತವೆ. ಇವನ್ನು ಮೀನಿನ ಮರಿಗಳು ತಿನ್ನುತ್ತವೆ. ಕಾಟ್ಲಾ ಮೀನು ದೊಡ್ಡದಾದ ಮೇಲೂ ಮೇಲ್ನೀರಿನ ಇಂಥ ಸಣ್ಣ ಜೀವಿಗಳನ್ನೇ ಮುಖ್ಯವಾಗಿ ಅವಲಂಬಿಸುತ್ತದೆ. ಹೀಗೆ ಪಾಚಿಗೂ ಮೀನಿಗೂ ನಡುವಿನ ಕೊಂಡಿ ಇವೇ.

ಪ್ರಯೋಗಾಲಯಗಳು ಡ್ಯಾಫ್ನಿಯಾವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಅನುಕೂಲ ಸ್ಥಿತಿಯಲ್ಲಿ ಹೆಣ್ಣು ಡ್ಯಾಫ್ನಿಯಾ ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತದೆ. ಮರಿಗಳೆಲ್ಲವೂ ತಾಯಿಯ ಪಡಿಯಚ್ಚುಗಳಾಗಿರುತ್ತವೆ. ಒಂದೇ ಗುಣದ ನೂರಾರು ಮರಿಗಳು ಒಂದೇ ದಿನ ದೊರೆಯುವುದರಿಂದ, ಒಂದು ಬೀಕರಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಸತ್ತರೆ ಅದಕ್ಕೆ ಜೀವಿಗಳ ತಳಿಭೇದ ಕಾರಣವಲ್ಲ, ವಿಷದ ಪ್ರಮಾಣವೇ ಕಾರಣ ಎಂದು ಹೇಳಲು ಸಾಧ್ಯವಾಗುತ್ತದೆ.

ಪ್ರಯೋಗದ ಕ್ರಮ

ಈ ಪರೀಕ್ಷೆಯನ್ನು ಅನೇಕ ದೇಶಗಳು ಒಪ್ಪಿಕೊಂಡಿರುವ ಒಇಸಿಡಿ ಸಂಸ್ಥೆಯ 202ನೇ ಸಂಖ್ಯೆಯ ಮಾರ್ಗಸೂಚಿಯಂತೆ ನಡೆಸಲಾಗುತ್ತದೆ. ಹುಟ್ಟಿ 24 ಗಂಟೆ ತುಂಬದ ಮರಿಗಳನ್ನಷ್ಟೇ ತೆಗೆದುಕೊಳ್ಳಬೇಕು. ಕನಿಷ್ಠ ಐದು ಸಾಂದ್ರತೆಗಳ ದ್ರಾವಣಗಳಿರಬೇಕು. ಪ್ರತಿ ಸಾಂದ್ರತೆಗೆ ಕನಿಷ್ಠ 20 ಮರಿಗಳಿರಬೇಕು. ಅವನ್ನು ಐದೈದರಂತೆ ನಾಲ್ಕು ಬೀಕರುಗಳಿಗೆ ಹಂಚುವುದು ರೂಢಿ. ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ನಡುವೆ ಸ್ಥಿರವಾಗಿರಬೇಕು. ಪರೀಕ್ಷೆಯ 48 ಗಂಟೆಗಳಲ್ಲಿ ಮರಿಗಳಿಗೆ ಆಹಾರ ಕೊಡುವಂತಿಲ್ಲ. ನೀರಿಗೆ ಗಾಳಿಯನ್ನೂ ಊದುವಂತಿಲ್ಲ. ಆಹಾರ ಹಾಕಿದರೆ ವಿಷವು ಆಹಾರಕ್ಕೆ ಅಂಟಿಕೊಂಡು ನೀರಿನಲ್ಲಿ ಕಡಿಮೆಯಾಗಬಹುದೆಂಬುದು ಈ ನಿರ್ಬಂಧಕ್ಕೆ ಒಂದು ಕಾರಣ.

ಸಾಂದ್ರತೆಗಳನ್ನು ಒಂದೇ ಅಂತರದಲ್ಲಿ ಕೂಡಿಸುತ್ತ ಹೋಗದೆ ಒಂದೇ ಪಟ್ಟಿನಲ್ಲಿ ಹೆಚ್ಚಿಸಲಾಗುತ್ತದೆ. ಉದಾಹರಣೆಗೆ 3, 6, 12, 24 ಮತ್ತು 48 ಮೈಕ್ರೋಗ್ರಾಂ. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಜೀವಿಗಳು ವಿಷಕ್ಕೆ ಪ್ರತಿಕ್ರಿಯಿಸುವುದು ಹೀಗೆ ಪಟ್ಟುಗಳ ಲೆಕ್ಕದಲ್ಲಿ. ಮೂರರಿಂದ ಆರಕ್ಕೆ ಏರಿದಾಗ ಆಗುವ ವ್ಯತ್ಯಾಸ ದೊಡ್ಡದು. ನಲವತ್ತೈದರಿಂದ ನಲವತ್ತೆಂಟಕ್ಕೆ ಏರಿದಾಗ ಆಗುವುದು ನಗಣ್ಯ. ಎರಡರಲ್ಲೂ ಹೆಚ್ಚಿರುವುದು ಮೂರೇ ಮೈಕ್ರೋಗ್ರಾಂ ಎಂಬುದನ್ನು ಗಮನಿಸಬಹುದು.

ಮೂರು ಮೈಕ್ರೋಗ್ರಾಂ ವಸ್ತುವನ್ನು ಸಾಮಾನ್ಯ ತಕ್ಕಡಿಯಲ್ಲಿ ತೂಗಲಾಗದು. ಆದ್ದರಿಂದ ಮೊದಲು 48 ಮಿಲಿಗ್ರಾಂ ಶುದ್ಧ ಕೀಟನಾಶಕವನ್ನು ತೂಗಿ ಅದನ್ನು 100 ಮಿಲಿಲೀಟರ್ ಅಸಿಟೋನ್‌ನಲ್ಲಿ ಕರಗಿಸಲಾಗುತ್ತದೆ. ಈ ಮೂಲ ದ್ರಾವಣದ 0.1 ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 48 ಮೈಕ್ರೋಗ್ರಾಂ ಸಾಂದ್ರತೆ ದೊರೆಯುತ್ತದೆ. ಅದನ್ನು ಮತ್ತೆ ಮತ್ತೆ ಅರ್ಧಕ್ಕೆ ತೆಳುಗೊಳಿಸಿದರೆ 24, 12, 6 ಮತ್ತು 3 ದೊರೆಯುತ್ತವೆ. ತೆಳುಗೊಳಿಸಲು ಬಳಸುವ ನೀರಿನಲ್ಲಿಯೂ ಅಷ್ಟೇ ಪ್ರಮಾಣದ ಅಸಿಟೋನ್ ಇರಬೇಕು. ಇಲ್ಲವಾದರೆ ಬೀಕರಿನಿಂದ ಬೀಕರಿಗೆ ಕೀಟನಾಶಕದ ಜೊತೆಗೆ ಅಸಿಟೋನ್ ಕೂಡ ಬದಲಾಗಿ, ಪರಿಣಾಮ ಯಾವುದರದ್ದೆಂದು ಬೇರ್ಪಡಿಸಲಾಗದು.

ಈ ಐದು ಸಾಂದ್ರತೆಗಳಲ್ಲದೆ ಇನ್ನೆರಡು ಗುಂಪುಗಳು ಅಗತ್ಯ. ಒಂದರಲ್ಲಿ ಬರಿಯ ನೀರು. ಇನ್ನೊಂದರಲ್ಲಿ ಅಸಿಟೋನ್ ಬೆರೆತ, ಆದರೆ ಕೀಟನಾಶಕವಿಲ್ಲದ ನೀರು. ಇವನ್ನು ನಿಯಂತ್ರಣ ಗುಂಪುಗಳೆನ್ನುವರು. ಎಲ್ಲವೂ ಸೇರಿ 28 ಬೀಕರುಗಳು, 140 ಮರಿಗಳು. ಯಾವ ಬೀಕರನ್ನು ಎಲ್ಲಿ ಇಡಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗುತ್ತದೆ. ಕಿಟಕಿಯ ಬಳಿಯ ಬಿಸಿಲು ಒಂದೇ ಗುಂಪಿನ ಮೇಲೆ ಬೀಳಬಾರದೆಂಬುದು ಇದರ ಉದ್ದೇಶ.

ಎಣಿಕೆ ನಡೆಯುವುದು 24 ಮತ್ತು 48ನೇ ಗಂಟೆಗಳಲ್ಲಿ. ಇಲ್ಲೊಂದು ತೊಡಕಿದೆ. ಇಷ್ಟು ಚಿಕ್ಕ ಜೀವಿ ಸತ್ತಿದೆಯೋ ಬರಿದೆ ನಿಶ್ಚಲವಾಗಿದೆಯೋ ಎಂದು ಕಣ್ಣಿಗೆ ಖಚಿತವಾಗಿ ತಿಳಿಯದು. ಆದ್ದರಿಂದ ಬೀಕರನ್ನು ಮೃದುವಾಗಿ ಅಲುಗಿಸಿ 15 ಸೆಕೆಂಡು ಕಾಯಲಾಗುತ್ತದೆ. ಅಷ್ಟರಲ್ಲಿ ಈಜದ ಮರಿಯನ್ನು ‘ನಿಶ್ಚಲ’ ಎಂದು ಎಣಿಸಲಾಗುತ್ತದೆ. ಈ ಎಣಿಕೆಯಿಂದ ಬರುವ ಸಂಖ್ಯೆಯನ್ನು ನಿಷ್ಠುರವಾಗಿ ಹೇಳುವುದಾದರೆ ಇಸಿ-50, ಅಂದರೆ ಅರ್ಧದಷ್ಟು ಜೀವಿಗಳ ಮೇಲೆ ಪರಿಣಾಮ ಬೀರುವ ಸಾಂದ್ರತೆ ಎನ್ನಬೇಕು. ಹೃದಯ ಬಡಿತವೂ ನಿಂತಿದೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದರೆ ಅದು ಎಲ್‌ಸಿ-50. ಮೇಲಿನ ಕೀಟನಾಶಕದ ವಿಷಯದಲ್ಲಿ ಈ ಭೇದಕ್ಕೆ ಅರ್ಥವಿದೆ. ಅದು ಕೀಟದ ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಸಂಗ್ರಹವನ್ನು ಹಿಡಿದಿಡುವ ಬಾಗಿಲುಗಳನ್ನು ತೆರೆದಿಟ್ಟು ಸ್ನಾಯುಗಳನ್ನು ಸ್ತಂಭಿಸುತ್ತದೆ. ಮೊದಲು ಬರುವುದು ನಿಶ್ಚಲತೆ, ಆಮೇಲೆ ಸಾವು. ಆದರೂ ಕೆರೆಯಲ್ಲಿ ಈಜಲಾರದ ಡ್ಯಾಫ್ನಿಯಾ ಆಹಾರವಿಲ್ಲದೆ ತಳ ಸೇರುವುದರಿಂದ ಬಹುತೇಕ ವರದಿಗಳಲ್ಲಿ ಎರಡನ್ನೂ ಒಂದೇ ರೀತಿಯಲ್ಲಿ ಬಳಸಲಾಗುತ್ತದೆ.

ಎಣಿಕೆಯಿಂದ ಸಂಖ್ಯೆಗೆ

ಲೆಕ್ಕವನ್ನು ಅರಿಯಲು ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಕೆಳಗಿನ ಎಣಿಕೆಗಳು ಯಾವುದೇ ಪ್ರಯೋಗಾಲಯದ ದಾಖಲೆಗಳಲ್ಲ; ವಿವರಣೆಗಾಗಿ ಇಟ್ಟುಕೊಂಡವು. 48 ಗಂಟೆಗಳ ನಂತರ ಪ್ರತಿ ಗುಂಪಿನ 20 ಮರಿಗಳಲ್ಲಿ ಸತ್ತವುಗಳ ಸಂಖ್ಯೆ ಹೀಗಿದೆಯೆಂದು ಭಾವಿಸೋಣ:

- ಎರಡೂ ನಿಯಂತ್ರಣ ಗುಂಪುಗಳು: 0
- ಲೀಟರಿಗೆ 3 ಮೈಕ್ರೋಗ್ರಾಂ: 0
- 6 ಮೈಕ್ರೋಗ್ರಾಂ: 4
- 12 ಮೈಕ್ರೋಗ್ರಾಂ: 11
- 24 ಮೈಕ್ರೋಗ್ರಾಂ: 17
- 48 ಮೈಕ್ರೋಗ್ರಾಂ: 20

ಪ್ರತಿಯೊಂದು ಮರಿಗೂ ತನ್ನದೇ ಆದ ತಾಳಿಕೆಯ ಮಿತಿಯಿದೆಯೆಂದು ಎಣಿಸಿದರೆ ಈ ಪಟ್ಟಿ ಸುಲಭವಾಗಿ ಅರ್ಥವಾಗುತ್ತದೆ. ಮೂರರಲ್ಲಿ ಯಾವುದೂ ಸಾಯಲಿಲ್ಲ, ಆರರಲ್ಲಿ ನಾಲ್ಕು ಸತ್ತವು. ಆದ್ದರಿಂದ 20ರಲ್ಲಿ 4 ಮರಿಗಳ ಮಿತಿ 3 ಮತ್ತು 6ರ ನಡುವೆ ಇದೆ. ಹನ್ನೆರಡರಲ್ಲಿ ಸತ್ತವು 11. ಅಂದರೆ ಇನ್ನೂ 7ರ ಮಿತಿ 6 ಮತ್ತು 12ರ ನಡುವೆ. ಅದೇ ರೀತಿ 6 ಮರಿಗಳ ಮಿತಿ 12 ಮತ್ತು 24ರ ನಡುವೆ. ಉಳಿದ 3ರದ್ದು 24 ಮತ್ತು 48ರ ನಡುವೆ.

ಈಗ ಈ ಇಪ್ಪತ್ತು ಮಿತಿಗಳ ಸರಾಸರಿಯನ್ನು ಕಂಡುಹಿಡಿಯಬೇಕು. ಸಾಂದ್ರತೆ ಪ್ರತಿ ಮೆಟ್ಟಿಲಿಗೂ ಇಮ್ಮಡಿಯಾಗುವುದರಿಂದ ಮೈಕ್ರೋಗ್ರಾಂಗಳ ಬದಲು ಮೆಟ್ಟಿಲುಗಳನ್ನೇ ಎಣಿಸಲಾಗುತ್ತದೆ. ಮೂರನ್ನು ನೆಲವೆಂದು ಇಟ್ಟುಕೊಂಡರೆ ಮೊದಲ 4 ಮರಿಗಳು ಸರಾಸರಿ ಅರ್ಧ ಮೆಟ್ಟಿಲಿನಲ್ಲಿ, ನಂತರದ 7 ಒಂದೂವರೆಯಲ್ಲಿ, 6 ಎರಡೂವರೆಯಲ್ಲಿ, ಕೊನೆಯ 3 ಮೂರೂವರೆಯಲ್ಲಿ ಇರುತ್ತವೆ. ಇವುಗಳ ಮೊತ್ತ 2 + 10.5 + 15 + 10.5, ಅಂದರೆ 38. ಇದನ್ನು 20ರಿಂದ ಭಾಗಿಸಿದರೆ 1.9 ಮೆಟ್ಟಿಲು. ಮೂರರಿಂದ 1.9 ಮೆಟ್ಟಿಲು ಮೇಲೇರಿದರೆ ಹನ್ನೆರಡಕ್ಕಿಂತ ಸ್ವಲ್ಪ ಕೆಳಗೆ, ಲೀಟರಿಗೆ 11.2 ಮೈಕ್ರೋಗ್ರಾಂ ಎಂಬಲ್ಲಿ ನಿಲ್ಲುತ್ತೇವೆ. ಇದೇ ಈ ಮಾದರಿಯ ಅರ್ಧಮಾರಕ ಸಾಂದ್ರತೆ. ಈ ಲೆಕ್ಕಕ್ಕೆ ಸ್ಪಿಯರ್‌ಮನ್–ಕಾರ್ಬರ್ ವಿಧಾನವೆಂದು ಹೆಸರು. ‘ಪ್ರೋಬಿಟ್’ ಎಂಬ ಇನ್ನೊಂದು ವಿಧಾನದಲ್ಲಿ ಅಂಕಿಗಳ ನಡುವೆ ವಕ್ರರೇಖೆಯೊಂದನ್ನು ಹೊಂದಿಸಲಾಗುತ್ತದೆ. ಅಂಕಿಗಳು ಚೆನ್ನಾಗಿದ್ದರೆ ಎರಡೂ ಸಮೀಪದ ಉತ್ತರವನ್ನೇ ಕೊಡುತ್ತವೆ.

ಇಪ್ಪತ್ತೇ ಮರಿಗಳಿಂದ ಬಂದ ಉತ್ತರಕ್ಕೆ ಸಡಿಲವಿರುವುದು ಅನಿವಾರ್ಯ. ಇದೇ ಪ್ರಯೋಗವನ್ನು ಪುನಃ ಮಾಡಿದರೆ 10 ಬರಬಹುದು, 13 ಬರಬಹುದು. ಮೇಲಿನ ಅಂಕಿಗಳಿಗೆ ಆ ಸಡಿಲದ ವ್ಯಾಪ್ತಿಯನ್ನು ಲೆಕ್ಕ ಹಾಕಿದರೆ ಅದು ಸುಮಾರು 8.9ರಿಂದ 14.1ರವರೆಗೆ ಇದೆ. ಸರಿಯಾದ ವರದಿಯು ‘11.2 (8.9–14.1)’ ಎಂದು ಮೂರೂ ಸಂಖ್ಯೆಗಳನ್ನು ನಮೂದಿಸುತ್ತದೆ. ಆವರಣದೊಳಗಿನ ಸಂಖ್ಯೆಗಳಿಲ್ಲದೆ ಒಂಟಿಯಾಗಿ ನಿಂತ ಸಂಖ್ಯೆಯನ್ನು ಎಷ್ಟು ನಂಬಬೇಕೆಂದು ಓದುವವರು ತಿಳಿಯಲಾರರು.

ಅರ್ಧವನ್ನೇ ಏಕೆ ಆರಿಸಲಾಯಿತು

ಅರ್ಧದಷ್ಟು ಜೀವಿಗಳು ಸಾಯುವ ಪ್ರಮಾಣವನ್ನು ತಿಳಿದು ಪ್ರಯೋಜನವೇನು, ಒಂದೂ ಸಾಯದ ಪ್ರಮಾಣವನ್ನು ತಿಳಿಯಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನ ಜೆ. ಡಬ್ಲ್ಯೂ. ಟ್ರೆವನ್ 1927ರಲ್ಲಿ ಅರ್ಧಮಾರಕ ಪ್ರಮಾಣದ ಕಲ್ಪನೆಯನ್ನು ಮುಂದಿಟ್ಟಾಗ ಅವರ ಮುಂದಿದ್ದುದು ಅಳತೆಯ ಸಮಸ್ಯೆ. ಒಂದೂ ಸಾಯದ ಪ್ರಮಾಣವು ಗುಂಪಿನ ಅತ್ಯಂತ ದುರ್ಬಲ ಜೀವಿಯನ್ನು ಅವಲಂಬಿಸುತ್ತದೆ. ಇಪ್ಪತ್ತರ ಬದಲು ಇನ್ನೂರು ಜೀವಿಗಳನ್ನು ಇಟ್ಟರೆ ಅದಕ್ಕಿಂತಲೂ ದುರ್ಬಲವಾದ ಒಂದು ಸಿಕ್ಕೇ ಸಿಗುತ್ತದೆ. ಸಂಖ್ಯೆ ಜಾರುತ್ತಲೇ ಹೋಗುತ್ತದೆ. ಎಲ್ಲವೂ ಸಾಯುವ ಪ್ರಮಾಣಕ್ಕೂ ಇದೇ ಗತಿ. ಆದರೆ ನಡುವಿನ ಜೀವಿಗಳ ಮಿತಿ ಹಾಗೆ ಕದಲುವುದಿಲ್ಲ. ಎರಡು ಕೀಟನಾಶಕಗಳನ್ನು ಹೋಲಿಸಲು ಸ್ಥಿರವಾದ ಒಂದು ಬಿಂದು ಬೇಕಿತ್ತು. ಅದು ಅರ್ಧದಲ್ಲಿ ದೊರೆಯಿತು.

ಇದರಿಂದ ಹೊರಡುವ ಮುಖ್ಯ ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಎಲ್‌ಸಿ-50 ಸುರಕ್ಷತೆಯ ಮಿತಿಯಲ್ಲ. ಅದು ಹೋಲಿಕೆಗಾಗಿ ನೆಟ್ಟ ಗಡಿಕಲ್ಲು. ಮೇಲಿನ ಮಾದರಿಯಲ್ಲಿ 11.2ಕ್ಕಿಂತ ಬಹಳ ಕೆಳಗಿರುವ 6 ಮೈಕ್ರೋಗ್ರಾಂನಲ್ಲಿಯೇ ಐದರಲ್ಲಿ ಒಂದು ಮರಿ ಸತ್ತಿದೆ. ‘ನೀರಿನಲ್ಲಿ ದೊರೆತ ಪ್ರಮಾಣ ಎಲ್‌ಸಿ-50ಕ್ಕಿಂತ ಕಡಿಮೆಯಿದೆ, ಆದ್ದರಿಂದ ತೊಂದರೆಯಿಲ್ಲ’ ಎಂಬ ವಾಕ್ಯ ಯಾವುದಾದರೂ ವರದಿಯಲ್ಲಿದ್ದರೆ ಅದು ತಪ್ಪು ತೀರ್ಮಾನ.

ಪ್ರಯೋಗ ಕೆಡುವ ಬಗೆ ಮತ್ತು ಅದನ್ನು ಗುರುತಿಸುವುದು

ಮೊದಲನೆಯದಾಗಿ ನಿಯಂತ್ರಣ ಗುಂಪನ್ನು ನೋಡಬೇಕು. ವಿಷವೇ ಇಲ್ಲದ ನೀರಿನಲ್ಲಿ ಮರಿಗಳು ಸಾಯುತ್ತಿದ್ದರೆ ನೀರು, ಬೀಕರು ಅಥವಾ ಮರಿಗಳ ಆರೋಗ್ಯದಲ್ಲಿ ದೋಷವಿದೆ. ಮಾರ್ಗಸೂಚಿಯಂತೆ ನಿಯಂತ್ರಣ ಗುಂಪಿನಲ್ಲಿ ನಿಶ್ಚಲವಾದವು ಶೇಕಡಾ 10ನ್ನು ಮೀರಬಾರದು; ಅಂದರೆ 20ರಲ್ಲಿ ಎರಡನ್ನು ಮೀರಬಾರದು. ಮೀರಿದರೆ ಇಡೀ ಪ್ರಯೋಗ ಅಸಿಂಧು. ಕೊನೆಯಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆಯಿದ್ದರೂ ಹಾಗೆಯೇ. ಉಸಿರುಗಟ್ಟಿ ಸತ್ತದ್ದನ್ನು ವಿಷದಿಂದ ಸತ್ತದ್ದೆಂದು ಎಣಿಸುವಂತಿಲ್ಲ.

ಎರಡನೆಯ ದೋಷ ಕಣ್ಣಿಗೆ ಕಾಣದು. ಬೀಕರಿನ ಮೇಲೆ ‘12 ಮೈಕ್ರೋಗ್ರಾಂ’ ಎಂದು ಬರೆದಿದ್ದರೂ ನೀರಿನಲ್ಲಿ ಅಷ್ಟು ವಿಷ ಉಳಿದಿರದೆ ಇರಬಹುದು. ಕೆಲವು ಕೀಟನಾಶಕಗಳು, ವಿಶೇಷವಾಗಿ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು, ಗಾಜಿನ ಗೋಡೆಗೆ ಅಂಟಿಕೊಳ್ಳುತ್ತವೆ. ಕೆಲವು ಬೆಳಕಿನಲ್ಲಿ ಒಡೆಯುತ್ತವೆ. ವಾಸ್ತವದಲ್ಲಿ 5 ಮೈಕ್ರೋಗ್ರಾಂ ಉಳಿದಿದ್ದು ಅದರಿಂದಲೇ ಅರ್ಧದಷ್ಟು ಸತ್ತಿದ್ದರೆ, ವರದಿ ಮಾತ್ರ 12 ಎಂದು ಹೇಳುತ್ತದೆ. ವಿಷವು ಇರುವುದಕ್ಕಿಂತ ಸೌಮ್ಯವಾಗಿ ತೋರುತ್ತದೆ. ಆದ್ದರಿಂದ ಪ್ರಯೋಗದ ಆರಂಭದಲ್ಲಿಯೂ ಕೊನೆಯಲ್ಲಿಯೂ ನೀರಿನ ಮಾದರಿಯನ್ನು ಉಪಕರಣದಲ್ಲಿ ಅಳೆಯಬೇಕು. ಅಳತೆಯ ಸಾಂದ್ರತೆ ಉದ್ದೇಶಿತ ಸಾಂದ್ರತೆಯ ಶೇಕಡಾ 20ರ ಆಚೀಚೆ ಒಳಗಿದ್ದರೆ ಬರೆದ ಸಂಖ್ಯೆಯನ್ನೇ ಬಳಸಬಹುದು. ಇಲ್ಲದಿದ್ದರೆ ಅಳೆದ ಸಂಖ್ಯೆಗಳಿಂದಲೇ ಲೆಕ್ಕ ಮಾಡಬೇಕು.

ಮೂರನೆಯದಾಗಿ ಮರಿಗಳೇ ವಿಪರೀತ ಗಟ್ಟಿಯಾಗಿರಬಹುದು ಅಥವಾ ವಿಪರೀತ ದುರ್ಬಲವಾಗಿರಬಹುದು. ಇದನ್ನು ಪರಿಶೀಲಿಸಲು ಪ್ರಯೋಗಾಲಯಗಳು ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಪರಿಚಿತ ವಿಷವನ್ನು ಬಳಸಿ ಆಗಾಗ್ಗೆ ಇದೇ ಪರೀಕ್ಷೆಯನ್ನು ನಡೆಸುತ್ತವೆ. ಅದರ 24 ಗಂಟೆಗಳ ಉತ್ತರ ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು. ಪಡಿತರ ಅಂಗಡಿಯ ತಕ್ಕಡಿಯನ್ನು ಮುದ್ರೆಯೊತ್ತಿದ ತೂಕದ ಕಲ್ಲಿಟ್ಟು ಪರಿಶೀಲಿಸುವ ಹಾಗೆ, ಇಲ್ಲಿ ಪರಿಶೀಲನೆಗೆ ಒಳಗಾಗುವುದು ಜೀವಿಗಳೇ.

ಬೀಕರಿನ ಸಂಖ್ಯೆಯನ್ನು ಊರಿನ ನೀರಿಗೆ ಅನ್ವಯಿಸುವಾಗ

ಪ್ರಮಾಣಿತ ಪರೀಕ್ಷೆಯ ಡ್ಯಾಫ್ನಿಯಾ ಮ್ಯಾಗ್ನಾ ಸಮಶೀತೋಷ್ಣ ದೇಶಗಳ ಜೀವಿ. ಪರೀಕ್ಷೆ ನಡೆಯುವುದು ಸುಮಾರು 20 ಡಿಗ್ರಿಯಲ್ಲಿ. ಕರ್ನಾಟಕದ ಬಯಲುಸೀಮೆಯ ಕೆರೆಗಳು ಬೇಸಿಗೆಯಲ್ಲಿ ಅದಕ್ಕಿಂತ ಬಹಳ ಬೆಚ್ಚಗಿರುತ್ತವೆ. ಅವುಗಳಲ್ಲಿ ಬಾಳುವ ನೀರುಚಿಗಟಗಳು ಬೇರೆ ಜಾತಿಯವು. ಅವು ಹೆಚ್ಚು ಸೂಕ್ಷ್ಮವೂ ಆಗಿರಬಹುದು, ಕಡಿಮೆ ಸೂಕ್ಷ್ಮವೂ ಆಗಿರಬಹುದು. ಪರೀಕ್ಷೆ ಎರಡು ದಿನಗಳದ್ದು; ಕೆರೆಯ ಜೀವಿಗಳು ವಾರಗಟ್ಟಲೆ ಅದೇ ನೀರಿನಲ್ಲಿರುತ್ತವೆ. ಸಾಯದೆ ಉಳಿದು ಮರಿ ಹಾಕಲಾರದ ಸ್ಥಿತಿಗೆ ಬಂದ ಜೀವಿಯನ್ನು ಈ ಪರೀಕ್ಷೆ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಅನಿಶ್ಚಿತತೆಗಾಗಿಯೇ ಐರೋಪ್ಯ ಒಕ್ಕೂಟದಲ್ಲಿ ಕೀಟನಾಶಕಗಳ ಮೊದಲ ಹಂತದ ಮೌಲ್ಯಮಾಪನದಲ್ಲಿ ಡ್ಯಾಫ್ನಿಯಾದ ಈ ಸಂಖ್ಯೆಯನ್ನು 100ರಿಂದ ಭಾಗಿಸಿ ಸ್ವೀಕಾರಾರ್ಹ ಮಟ್ಟವನ್ನು ನಿಗದಿಪಡಿಸುತ್ತಾರೆ. ಮಾದರಿಯ 11.2ನ್ನು ಹಾಗೆ ಭಾಗಿಸಿದರೆ ಲೀಟರಿಗೆ ಸುಮಾರು 0.11 ಮೈಕ್ರೋಗ್ರಾಂ ಉಳಿಯುತ್ತದೆ.

ಈ ಎರಡು ಸಂಖ್ಯೆಗಳನ್ನು ಹಿಡಿದು ಊರಿನ ಲೆಕ್ಕ ಹಾಕಬಹುದು. ಈ ಕೀಟನಾಶಕದ ಶೇಕಡಾ 18.5ರ ದ್ರವರೂಪದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 0.2 ಗ್ರಾಂ, ಅಂದರೆ 2 ಲಕ್ಷ ಮೈಕ್ರೋಗ್ರಾಂ ಕೀಟನಾಶಕವಿರುತ್ತದೆ. ಖಾಲಿಯಾಯಿತೆಂದುಕೊಂಡ ಬಾಟಲಿಯ ತಳದಲ್ಲಿ ಒಂದು ಮಿಲಿಲೀಟರ್ ಉಳಿದಿದ್ದು, ಅದನ್ನು ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡು ಮೀಟರ್ ಆಳದ ಗುಂಡಿಯಲ್ಲಿ ತೊಳೆದರೆಂದು ಭಾವಿಸೋಣ. ಆ ಗುಂಡಿಯಲ್ಲಿ 18,000 ಲೀಟರ್ ನೀರಿರುತ್ತದೆ. ಸಮನಾಗಿ ಬೆರೆತರೆ ಸಾಂದ್ರತೆ ಲೀಟರಿಗೆ ಸುಮಾರು 11 ಮೈಕ್ರೋಗ್ರಾಂ. ಅಂದರೆ ಬಹುತೇಕ ಅರ್ಧಮಾರಕ ಸಾಂದ್ರತೆಯೇ.

ಅದೇ ಒಂದು ಮಿಲಿಲೀಟರನ್ನು ಒಂದು ಎಕರೆ ವಿಸ್ತಾರದ, ಎರಡು ಮೀಟರ್ ಆಳದ ಕೆರೆಗೆ ಹಾಕಿದರೆ ಅಲ್ಲಿರುವ ಸುಮಾರು 81 ಲಕ್ಷ ಲೀಟರ್ ನೀರಿನಲ್ಲಿ ಸಾಂದ್ರತೆ 0.025 ಮೈಕ್ರೋಗ್ರಾಂಗೆ ಇಳಿಯುತ್ತದೆ. ಇದು 0.11ಕ್ಕಿಂತ ಕಡಿಮೆ. ಆದರೆ ಸಿಂಪರಣೆಯ ವಾರದಲ್ಲಿ ಹತ್ತು ರೈತರು ಅದೇ ಸೋಪಾನದ ಬಳಿ ಬಾಟಲಿ ತೊಳೆದರೆ ಸಾಂದ್ರತೆ 0.25ಕ್ಕೆ ಏರಿ ಆ ಮಟ್ಟವನ್ನು ದಾಟುತ್ತದೆ. ಅಲ್ಲದೆ ವಿಷವು ಕೂಡಲೇ ಕೆರೆಯೆಲ್ಲ ಹರಡುವುದಿಲ್ಲ. ತೊಳೆದ ಮೂಲೆಯಲ್ಲಿ ಅದು ಹಲವು ಪಟ್ಟು ಹೆಚ್ಚಿರುತ್ತದೆ. ಆದ್ದರಿಂದ ದೊಡ್ಡ ಕೆರೆಯ ನಡುನೀರಿನ ಮಾದರಿಯನ್ನು ಮಾತ್ರ ತೆಗೆದು ಪರೀಕ್ಷಿಸಿದರೆ ಇದು ಕಾಣದೆ ಹೋಗಬಹುದು.

ಗದ್ದೆಯ ನೀರಿನ ಲೆಕ್ಕವೂ ಹೀಗೆಯೇ. ಎಕರೆಗೆ 60 ಮಿಲಿಲೀಟರ್ ಸಿಂಪಡಿಸಿದರೆ 12 ಗ್ರಾಂ ಕೀಟನಾಶಕ ಬೀಳುತ್ತದೆ. ಗದ್ದೆಯಲ್ಲಿ ಐದು ಸೆಂಟಿಮೀಟರ್ ನೀರು ನಿಂತಿದ್ದರೆ ಅದು ಸುಮಾರು 2 ಲಕ್ಷ ಲೀಟರ್. ಸಿಂಪಡಿಸಿದ್ದರಲ್ಲಿ ಹೆಚ್ಚಿನದು ಎಲೆಗಳ ಮೇಲೆ ನಿಂತು ಐದರಲ್ಲಿ ಒಂದು ಭಾಗ ಮಾತ್ರ ನೀರಿಗೆ ಬಿದ್ದರೂ ಸಾಂದ್ರತೆ ಲೀಟರಿಗೆ 12 ಮೈಕ್ರೋಗ್ರಾಂ ಆಗುತ್ತದೆ. ಸಿಂಪಡಿಸಿದ ಮರುದಿನವೇ ಬದು ಕಡಿದು ಆ ನೀರನ್ನು ಬಸಿಗಾಲುವೆಗೆ ಬಿಟ್ಟರೆ, ಕಾಲುವೆಯ ಕೊನೆಯ ಕೆರೆಗೆ ಸೇರುವುದು ಅದೇ ನೀರು.

ಇಲ್ಲಿ ಸದಸ್ಯರನ್ನು ದಾರಿ ತಪ್ಪಿಸಬಹುದಾದ ಸಂಗತಿಯೊಂದಿದೆ. ಪ್ರಮಾಣಿತ ಮೀನು ಪರೀಕ್ಷೆಗಳಲ್ಲಿ ಈ ಕೀಟನಾಶಕ ಮೀನಿಗೆ ಕಡಿಮೆ ವಿಷಕಾರಿ. ಆದ್ದರಿಂದ ಕೆರೆಯಲ್ಲಿ ಸತ್ತ ಮೀನು ತೇಲುವುದಿಲ್ಲ; ದೂರೂ ಬರುವುದಿಲ್ಲ. ಆದರೆ ಬಿತ್ತಿದ ಮೀನುಮರಿಗಳಿಗೆ ಬೇಕಾದ ಆಹಾರವೇ ನೀರಿನಿಂದ ಮರೆಯಾಗಿರಬಹುದು. ಮರಿಗಳು ಬೆಳೆಯದಿದ್ದಾಗ ಮೀನು ಪಾಶುವಾರು ಪಡೆದವರು ಮರಿಯ ಗುಣಮಟ್ಟವನ್ನು ದೂಷಿಸುತ್ತಾರೆ, ಮರಿ ಕೊಟ್ಟವರು ನೀರನ್ನು ದೂಷಿಸುತ್ತಾರೆ. ಸೋಸಿ ತಿನ್ನುವ ಜೀವಿಗಳು ಕಡಿಮೆಯಾದಾಗ ಪಾಚಿ ಹೆಚ್ಚಿ ನೀರು ಹಸಿರಾಗುವುದೂ ಉಂಟು. ಪಾಚಿಗೆ ಗೊಬ್ಬರದ ಅಂಶ, ಚರಂಡಿ ನೀರು ಮೊದಲಾದ ಬೇರೆ ಕಾರಣಗಳೂ ಇರುವುದರಿಂದ ಹಸಿರು ನೀರನ್ನು ಕಂಡ ಮಾತ್ರಕ್ಕೆ ಕೀಟನಾಶಕವೇ ಕಾರಣವೆಂದು ಹೇಳುವಂತಿಲ್ಲ.

ವರದಿ ಸಭೆಯ ಮುಂದೆ ಬಂದಾಗ

ಕೆರೆಯ ನೀರಿಗೆ ಸಂಬಂಧಿಸಿದ ವಿಷಶಾಸ್ತ್ರದ ವರದಿ ಸಾಮಾನ್ಯ ಸಭೆಯಲ್ಲಿ ಮಂಡನೆಯಾದಾಗ ಸದಸ್ಯರು ಈ ಕೆಳಗಿನ ಅಂಶಗಳನ್ನು ಅದರಲ್ಲಿ ಹುಡುಕಬಹುದು:

1. ಪರೀಕ್ಷೆ ಯಾವ ಜೀವಿಯ ಮೇಲೆ, ಎಷ್ಟು ಗಂಟೆ ನಡೆಯಿತು? ಜೀವಿಯ ಹೆಸರು ಮತ್ತು ಅವಧಿಯಿಲ್ಲದ ಎಲ್‌ಸಿ-50 ಅಪೂರ್ಣ. 24 ಗಂಟೆಗಳ ಸಂಖ್ಯೆ 48 ಗಂಟೆಗಳದ್ದಕ್ಕಿಂತ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ.
2. ಪರೀಕ್ಷಿಸಿದ್ದು ಶುದ್ಧ ಕೀಟನಾಶಕವನ್ನೋ, ಅಂಗಡಿಯಲ್ಲಿ ಮಾರುವ ಮಿಶ್ರಣವನ್ನೋ? ಮಿಶ್ರಣದಲ್ಲಿನ ಇತರ ವಸ್ತುಗಳಿಂದಲೂ ವಿಷದ ತೀವ್ರತೆ ಬದಲಾಗಬಹುದು.
3. ನಿಯಂತ್ರಣ ಗುಂಪಿನಲ್ಲಿ ಎಷ್ಟು ಸತ್ತವು? ಈ ಸಂಖ್ಯೆ ನಮೂದಾಗಿರಲೇಬೇಕು.
4. ಸಾಂದ್ರತೆಗಳನ್ನು ಅಳೆದು ಬರೆಯಲಾಗಿದೆಯೋ, ಬೆರೆಸಿದ ಲೆಕ್ಕದಿಂದಷ್ಟೇ ಬರೆಯಲಾಗಿದೆಯೋ?
5. ಮಾನ ಯಾವುದು? ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ನಡುವೆ ಸಾವಿರ ಪಟ್ಟು ಅಂತರವಿದೆ. 0.0112 ಮಿಲಿಗ್ರಾಂ ಮತ್ತು 11.2 ಮೈಕ್ರೋಗ್ರಾಂ ಒಂದೇ ಆದರೂ ಅವಸರದ ಓದಿನಲ್ಲಿ ಮೊದಲನೆಯದು ಅಲ್ಪವೆಂದು ತೋರುತ್ತದೆ.

ಈ ಐದಕ್ಕೂ ಉತ್ತರ ದೊರೆತ ಮೇಲೆ ನೀರಿನ ಮಾದರಿಯಲ್ಲಿ ಕಂಡುಬಂದ ಪ್ರಮಾಣವನ್ನು ಎಲ್‌ಸಿ-50ರೊಡನೆ ನೇರವಾಗಿ ಹೋಲಿಸದೆ, ಅದರ ನೂರನೆಯ ಒಂದು ಭಾಗದೊಡನೆ ಹೋಲಿಸುವುದು ಸೂಕ್ತ. ಮಾದರಿಯನ್ನು ಕೆರೆಯ ನಡುವಿನಿಂದ ಮಾತ್ರವಲ್ಲದೆ ಬಸಿಗಾಲುವೆ ಕೂಡುವಲ್ಲಿಯೂ ಸಿಂಪರಣಾ ಯಂತ್ರ ತೊಳೆಯುವ ಸ್ಥಳದಲ್ಲಿಯೂ, ಸಿಂಪರಣೆಯ ದಿನಗಳಲ್ಲಿಯೇ ತೆಗೆಯುವಂತೆ ನೋಡಿಕೊಳ್ಳಬೇಕು. ಖಾಲಿ ಬಾಟಲಿಯನ್ನು ಔಷಧಿ ಬೆರೆಸುವಾಗಲೇ ಮೂರು ಬಾರಿ ತೊಳೆದು ಆ ನೀರನ್ನು ಸಿಂಪರಣಾ ಯಂತ್ರಕ್ಕೇ ಸುರಿದರೆ, ಮೇಲಿನ ಲೆಕ್ಕದಲ್ಲಿ 18,000 ಲೀಟರ್ ನೀರನ್ನು ಕೆಡಿಸಿದ ಆ ಒಂದು ಮಿಲಿಲೀಟರ್ ಬೆಳೆಯ ಮೇಲೆಯೇ ಬೀಳುತ್ತದೆ.